ಡೆಲಿವರಿ ಚಲನ್ ಯಾವಾಗ, ಬಿಲ್ ಯಾವಾಗ, ಇ-ವೇ ಬಿಲ್ ಹೇಗೆ: ಗೋಡೌನ್‌ನಿಂದ ಗಾಡಿ ಹೊರಡೋ ಮುಂಚೆ ಮಾಡ್ಬೇಕಾದ ಕೆಲಸ

ನಾನು ಹುಬ್ಬಳ್ಳಿಲಿ ಪೈಪು, ಕೇಬಲ್ಲು, ಮೋಟರ್ ಮಾರೋ ಒಂದು ಅಂಗಡಿಯ ಲೆಕ್ಕ ನೋಡ್ಕೋತೀನಿ. ನಮ್ದು ಬಳ್ಳಾರಿಲಿ ಒಂದು ಬ್ರಾಂಚ್ ಇದೆ, ಕೊಲ್ಹಾಪುರದಲ್ಲಿ ಒಂದಿದೆ, ಹಾಗಾಗಿ ದಿನಾ ಗಾಡಿ ಓಡಾಡ್ತಾನೇ ಇರುತ್ತೆ. ಹೊಸದಾಗಿ ಬಿಲ್ಲಿಂಗ್‌ಗೆ ಸೇರೋ ಹುಡುಗ್ರು ಎಲ್ರೂ ಕೇಳೋ ಪ್ರಶ್ನೆ ಒಂದೇ, "ಸರ್ ಇದಕ್ಕೆ ಚಲನ್ ಹಾಕ್ಲಾ ಬಿಲ್ ಹಾಕ್ಲಾ?" ಅಂತ. ಅವ್ರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನ ಬರೀತಿದೀನಿ, ಸ್ವಲ್ಪ ಉದ್ದ ಇದೆ, ಆದ್ರೆ ಒಂದ್ಸಲ ಪೂರ್ತಿ ಓದಿದ್ರೆ ಗಾಡಿ ಕಳಿಸುವಾಗ ತಲೆಬಿಸಿ ಆಗಲ್ಲ.

ಮೊದ್ಲು ಕೇಳ್ಬೇಕಾದ್ದು: ಇದು ಮಾರಾಟನಾ ಅಲ್ವಾ

ಮಾಲು ಎಲ್ಲಿಗೆ ಹೋಗ್ತಿದೆ ಅನ್ನೋದಕ್ಕಿಂತ, ಅದು ಜಿಎಸ್‌ಟಿ ಲೆಕ್ಕದಲ್ಲಿ ಸಪ್ಲೈ ಆಗುತ್ತಾ ಅನ್ನೋದೇ ಮುಖ್ಯ. ಸಪ್ಲೈ ಆದ್ರೆ ಟ್ಯಾಕ್ಸ್ ಇನ್‌ವಾಯ್ಸ್, ಆಗದಿದ್ರೆ ಡೆಲಿವರಿ ಚಲನ್. ಇಷ್ಟೇ ಸರಳ, ಆದ್ರೆ ಬ್ರಾಂಚ್ ವಿಷ್ಯ ಬಂದಾಗ ಎಲ್ರೂ ಎಡವೋದು ಇಲ್ಲೇ.

ಹುಬ್ಬಳ್ಳಿಯಿಂದ ಬಳ್ಳಾರಿ ಬ್ರಾಂಚ್‌ಗೆ ಪೈಪ್ ಕಳಿಸ್ತೀವಿ ಅನ್ಕೊಳ್ಳಿ. ಎರಡೂ ಕರ್ನಾಟಕ, ಎರಡಕ್ಕೂ ಒಂದೇ ಜಿಎಸ್‌ಟಿ ನಂಬರ್. ನಮ್ಮ ಎಡಗೈಯಿಂದ ಬಲಗೈಗೆ ಕೊಟ್ಟ ಹಾಗೆ, ಮಾರಾಟ ಅಲ್ಲ, ಟ್ಯಾಕ್ಸ್ ಇಲ್ಲ, ಹಾಗಾಗಿ ಡೆಲಿವರಿ ಚಲನ್. ಅದೇ ಪೈಪ್ ಕೊಲ್ಹಾಪುರಕ್ಕೆ ಹೋದ್ರೆ ಕಥೆ ಬೇರೆ. ಅಲ್ಲಿ ಜಿಎಸ್‌ಟಿ ನಂಬರ್ 27ರಿಂದ ಶುರುವಾಗುತ್ತೆ, ನಮ್ದು 29ರಿಂದ. ಮಾಲೀಕರು ಒಬ್ಬರೇ ಇದ್ರೂ ಪ್ಯಾನ್ ಒಂದೇ ಆದ್ರೂ ಕಾನೂನಿನ ಕಣ್ಣಲ್ಲಿ ಎರಡು ಬೇರೆ ಬೇರೆ ವ್ಯಕ್ತಿಗಳು, ದುಡ್ಡು ಕೈ ಬದಲಾಯಿಸದೇ ಇದ್ರೂ ಅದು ಸಪ್ಲೈನೇ. ಆದ್ದರಿಂದ ಐಜಿಎಸ್‌ಟಿ ಹಾಕಿ ಟ್ಯಾಕ್ಸ್ ಇನ್‌ವಾಯ್ಸ್ ಮಾಡ್ಬೇಕು. ಆ ಟ್ಯಾಕ್ಸನ್ನ ಕೊಲ್ಹಾಪುರದವ್ರು ಇನ್‌ಪುಟ್ ಆಗಿ ತಗೋತಾರೆ, ಅವ್ರಿಗೆ ಪೂರ್ತಿ ಕ್ರೆಡಿಟ್ ಸಿಗೋದಾದ್ರೆ ನೀವು ಇನ್‌ವಾಯ್ಸ್‌ನಲ್ಲಿ ಹಾಕಿದ ರೇಟನ್ನೇ ಸರಿಯಾದ ಬೆಲೆ ಅಂತ ಒಪ್ತಾರೆ, ರೂಲ್ 28ರಲ್ಲಿ ಇದೆ. ಒಂದೇ ರಾಜ್ಯದಲ್ಲೇ ಕೆಲವ್ರು ಎರಡು ರಿಜಿಸ್ಟ್ರೇಷನ್ ಇಟ್ಕೊಂಡಿರ್ತಾರೆ, ಅವ್ರಿಗೂ ಹೀಗೇ, ಚಲನ್ ನಡೆಯಲ್ಲ, ಇನ್‌ವಾಯ್ಸೇ.

ಇನ್ನು ಗಿರಾಕಿಗೆ ಹೋಗೋ ಮಾಲು. ನಮ್ಮ ಕಡೆ ಒಂದು ಹಳೇ ಅಭ್ಯಾಸ ಇದೆ, "ಚಲನ್ ಮೇಲೆ ಮಾಲ್ ಕಳಿಸು, ತಿಂಗಳ ಕೊನೆಗೆ ಒಟ್ಟು ಬಿಲ್ ಮಾಡೋಣ" ಅಂತ. ಇದು ತಪ್ಪು. ಮಾರಾಟ ಆಗಿದ್ರೆ ಮಾಲು ಗೋಡೌನ್ ಬಿಡೋ ಹೊತ್ತಿಗೆ ಅಥವಾ ಅದಕ್ಕೂ ಮುಂಚೆ ಇನ್‌ವಾಯ್ಸ್ ಆಗಿರ್ಲೇಬೇಕು. ಗಿರಾಕಿಗೆ ಚಲನ್ ಮೇಲೆ ಕಳಿಸೋಕೆ ನಿಜವಾದ ಕಾರಣಗಳು ಬೆರಳೆಣಿಕೆಯಷ್ಟೇ. ನೋಡಿ ಇಷ್ಟವಾದ್ರೆ ಇಟ್ಕೋತೀನಿ ಅಂತ ಹೇಳಿ ತರಿಸ್ಕೊಂಡಿರೋ ಮಾಲು ಒಂದು, ಅದಕ್ಕೆ ಗಿರಾಕಿ ಒಪ್ಪಿದ ದಿನ ಅಥವಾ ಮಾಲು ಹೊರಟು 6 ತಿಂಗಳು, ಯಾವ್ದು ಮೊದ್ಲೋ ಅವತ್ತೇ ಬಿಲ್ ಆಗ್ಬೇಕು. ಒಂದು ದೊಡ್ಡ ಮಷೀನ್ ಬಿಡಿಬಿಡಿಯಾಗಿ ನಾಲ್ಕು ಗಾಡಿಲಿ ಹೋಗೋದು ಇನ್ನೊಂದು, ಅಲ್ಲಿ ಮೊದಲನೇ ಗಾಡಿ ಹೊರಡೋ ಮುಂಚೆಯೇ ಪೂರ್ತಿ ಇನ್‌ವಾಯ್ಸ್ ಮಾಡಿ, ಆಮೇಲಿನ ಪ್ರತಿ ಗಾಡಿಗೂ ಆ ಇನ್‌ವಾಯ್ಸ್ ನಂಬರ್ ಬರೆದ ಚಲನ್ ಮತ್ತು ಇನ್‌ವಾಯ್ಸ್‌ನ ದೃಢೀಕರಿಸಿದ ಕಾಪಿ ಕೊಡ್ಬೇಕು, ಒರಿಜಿನಲ್ ಇನ್‌ವಾಯ್ಸ್ ಹೋಗೋದು ಕೊನೇ ಗಾಡಿ ಜೊತೆ. ಜಾಬ್ ವರ್ಕ್‌ಗೆ ಹೋಗೋ ಮಾಲಿಗೂ ಚಲನ್ನೇ, ಅದರದ್ದೇ ಬೇರೆ ನಿಯಮಗಳಿವೆ, ಇಲ್ಲಿ ಅದಕ್ಕೆ ಕೈ ಹಾಕಲ್ಲ.

ಚಲನ್ ಬರೆಯೋದು

ಬಳ್ಳಾರಿ ಲೋಡನ್ನೇ ತಗೊಳೋಣ. 300 ಪಿವಿಸಿ ಪೈಪ್, ಒಂದಕ್ಕೆ 380 ರೂಪಾಯಿ, ಒಟ್ಟು 1,14,000.

ಚಲನ್ ನಂಬರ್ ಸರಣಿಯಾಗಿ ಬರ್ಬೇಕು, 16 ಅಕ್ಷರ ಮೀರಬಾರ್ದು. ನಮ್ದು `HBLDC/25-26/0041` ಅಂತಿರುತ್ತೆ, ಎಣಿಸಿ ನೋಡಿ, ಸರಿಯಾಗಿ 16. ಮೊದ್ಲು ಅಂಗಡಿ ಹೆಸರನ್ನೂ ಸೇರಿಸಿ ಉದ್ದ ಇಟ್ಟಿದ್ವಿ, ಪೋರ್ಟಲ್‌ನಲ್ಲಿ ಪೂರ್ತಿ ಹಿಡಿಸ್ತಿರಲಿಲ್ಲ, ಹುಡುಗ್ರು ಒಬ್ಬೊಬ್ರು ಒಂದೊಂದು ಥರ ಮೊಟಕು ಮಾಡಿ ಹಾಕೋರು, ಪೇಪರ್‌ನಲ್ಲಿ ಒಂದು ನಂಬರ್ ಪೋರ್ಟಲ್‌ನಲ್ಲಿ ಇನ್ನೊಂದು. ಏಪ್ರಿಲ್‌ನಲ್ಲಿ ಹೊಸ ಸರಣಿ ಶುರು ಮಾಡುವಾಗ್ಲೇ ಇದನ್ನ ಸರಿಮಾಡ್ಕೊಳ್ಳಿ.

ಅದಾದ್ಮೇಲೆ ತಾರೀಖು, ಕಳಿಸೋರ ಹೆಸರು ವಿಳಾಸ ಜಿಎಸ್‌ಟಿ ನಂಬರ್, ತಗೊಳ್ಳೋರ ಹೆಸರು ವಿಳಾಸ ಜಿಎಸ್‌ಟಿ ನಂಬರ್. ನಮ್ಮ ಬ್ರಾಂಚ್ ಆದ್ರಿಂದ ಎರಡೂ ಕಡೆ ಒಂದೇ ಜಿಎಸ್‌ಟಿ ನಂಬರ್ ಬರುತ್ತೆ, ಹೆದರ್ಬೇಡಿ, ವಿಳಾಸ ಮಾತ್ರ ಬೇರೆ ಇರ್ಬೇಕು. ಮಾಲಿನ ವಿವರ, ಎಚ್‌ಎಸ್‌ಎನ್ ಕೋಡ್ (ಪ್ಲಾಸ್ಟಿಕ್ ಪೈಪ್‌ಗೆ 3917), ಎಷ್ಟು ನಗ, ಬೆಲೆ ಎಷ್ಟು, ಕೊನೆಗೆ ಸಹಿ. ಟ್ಯಾಕ್ಸ್ ಕಾಲಮ್ ಖಾಲಿ, ಯಾಕಂದ್ರೆ ಇದು ಸಪ್ಲೈ ಅಲ್ಲ. ಆದ್ರೆ ಬೆಲೆ ಬರೀಲೇಬೇಕು, "ಮಾರಾಟಕ್ಕಲ್ಲ ಬೆಲೆ ಇಲ್ಲ" ಅಂತ ಬರೆದು ಕಳಿಸಿದ ಚಲನ್‌ಗಳನ್ನ ನಾನು ನೋಡಿದೀನಿ, ಅದು ನಡೆಯಲ್ಲ. ಕೆಳಗೆ ಒಂದು ಸಾಲು, "ಒಂದೇ ಜಿಎಸ್‌ಟಿಐಎನ್ ಅಡಿ ಬ್ರಾಂಚ್‌ಗೆ ಸ್ಟಾಕ್ ವರ್ಗಾವಣೆ, ಮಾರಾಟವಲ್ಲ" ಅಂತ ಹಾಕ್ಬಿಡಿ. ಕಾನೂನು ಇದನ್ನ ಕೇಳಲ್ಲ, ಆದ್ರೆ ರಸ್ತೇಲಿ ಗಾಡಿ ನಿಲ್ಲಿಸಿದಾಗ ಡ್ರೈವರ್ ಬಾಯಿ ಬಿಡೋ ಮುಂಚೆ ಆ ಸಾಲೇ ಉತ್ತರ ಕೊಡುತ್ತೆ.

ಮೂರು ಕಾಪಿ ತೆಗೀಬೇಕು. ಒರಿಜಿನಲ್ ಬಳ್ಳಾರಿಗೆ, ಡುಪ್ಲಿಕೇಟ್ ಗಾಡಿಯವ್ರಿಗೆ, ಟ್ರಿಪ್ಲಿಕೇಟ್ ನಮ್ಮ ಫೈಲ್‌ಗೆ. ನಾವು ಡುಪ್ಲಿಕೇಟ್ ಮೇಲೆ ಬಳ್ಳಾರಿಯವ್ರ ಹತ್ರ ಎಣಿಸಿ ಸಹಿ ಮಾಡಿಸ್ಕೊಂಡು ಬರೋಕೆ ಡ್ರೈವರ್‌ಗೆ ಹೇಳ್ತೀವಿ. 300 ಕಳಿಸಿ 298 ಇಳಿದ್ರೆ ಆ ಸಹಿಯ ಪಕ್ಕದಲ್ಲೇ 298 ಅಂತ ಬರೆದಿರುತ್ತೆ, ತಿಂಗಳು ಕಳೆದ ಮೇಲೆ ಸ್ಟಾಕ್ ಹೊಂದಲಿಲ್ಲ ಅಂತ ಒಬ್ಬರ ಮೇಲೊಬ್ಬರು ಹಾಕೋದು ತಪ್ಪುತ್ತೆ.

ಇಲ್ಲಿ ಇನ್ನೊಂದು ಮಾತು, ಇದನ್ನ ದಯವಿಟ್ಟು ಇವತ್ತೇ ಚೆಕ್ ಮಾಡಿ. ಬಳ್ಳಾರಿ ವಿಳಾಸ ನಿಮ್ಮ ರಿಜಿಸ್ಟ್ರೇಷನ್ ಸರ್ಟಿಫಿಕೇಟ್‌ನಲ್ಲಿ ಹೆಚ್ಚುವರಿ ವ್ಯಾಪಾರ ಸ್ಥಳ ಅಂತ ಸೇರಿದೆಯಾ? ಅಂಗಡಿ ಸೇರಿಸಿರ್ತಾರೆ, ಆಮೇಲೆ ಬಾಡಿಗೆಗೆ ತಗೊಂಡ ಗೋಡೌನ್ ಮರೆತಿರ್ತಾರೆ. ಸೇರದಿರೋ ವಿಳಾಸಕ್ಕೆ "ನಮ್ಮ ಬ್ರಾಂಚ್" ಅಂತ ಚಲನ್ ಹೋದ್ರೆ, ಅದು ನಮ್ಮದೇ ಅಂತ ತೋರಿಸೋಕೆ ಕೈಲಿ ಏನೂ ಇರಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ತಿದ್ದುಪಡಿ ಅರ್ಜಿ ಹಾಕಿದ್ರೆ ಆಯ್ತು, ಬದಲಾವಣೆ ಆದ 15 ದಿನದೊಳಗೆ ಹಾಕ್ಬೇಕು ಅನ್ನೋದು ನಿಯಮ.

50,000ದ ಲೆಕ್ಕ

ಸರಕಿನ ಬೆಲೆ 50,000 ದಾಟಿದ್ರೆ ಇ-ವೇ ಬಿಲ್ ಬೇಕು, ಇದು ಎಲ್ರಿಗೂ ಗೊತ್ತು. ಗೊತ್ತಿಲ್ಲದ್ದು ಏನಂದ್ರೆ ಆ ಬೆಲೇಲಿ ಡಾಕ್ಯುಮೆಂಟ್‌ನಲ್ಲಿ ಹಾಕಿದ ಟ್ಯಾಕ್ಸೂ ಸೇರುತ್ತೆ. ಒಂದೇ ಮಾಲು ಎರಡು ಕಡೆ ಹೋದಾಗ ಏನಾಗುತ್ತೆ ನೋಡಿ. 120 ಪೈಪ್, 380ರಂತೆ 45,600. ಇದು ಬಳ್ಳಾರಿ ಬ್ರಾಂಚ್‌ಗೆ ಚಲನ್ ಮೇಲೆ ಹೋದ್ರೆ ಟ್ಯಾಕ್ಸ್ ಇಲ್ಲ, 45,600ಕ್ಕೇ ನಿಂತ್ಕೊಳ್ಳುತ್ತೆ, ಇ-ವೇ ಬಿಲ್ ಬೇಡ. ಅದೇ 120 ಪೈಪನ್ನ ಬಳ್ಳಾರಿಯ ಒಬ್ಬ ಗಿರಾಕಿಗೆ ಮಾರಿದ್ರೆ 18 ಪರ್ಸೆಂಟ್ ಅಂದ್ರೆ 8,208 ಸೇರಿ 53,808 ಆಯ್ತು, ಇ-ವೇ ಬಿಲ್ ಇಲ್ಲದೆ ಗಾಡಿ ಹೊರಡೋ ಹಾಗಿಲ್ಲ. "ಬೇಸಿಕ್ 50 ಸಾವಿರದೊಳಗೆ ಇದೆಯಲ್ಲ" ಅಂತ ಬಿಟ್ಟು ಸಿಕ್ಕಿಹಾಕ್ಕೊಳ್ಳೋದು ಬಹಳ ಜನ. ಸಿಕ್ಕಿಬಿದ್ರೆ ಮಾಲೀಕರು ಮುಂದೆ ಬಂದು ಬಿಡಿಸ್ಕೊಳ್ಳೋಕೆ ಟ್ಯಾಕ್ಸ್‌ನ ಎರಡರಷ್ಟು ದಂಡ, ಈ ಲೆಕ್ಕದಲ್ಲಿ 16,416, ಜೊತೆಗೆ ಗಾಡಿ ನಿಂತಷ್ಟು ದಿನದ ಬಾಡಿಗೆ.

ಒಂದೇ ಆರ್ಡರನ್ನ ಎರಡು ಬಿಲ್ ಮಾಡಿ 50,000ದೊಳಗೆ ತೋರಿಸೋ ಉಪಾಯ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ಒಂದೇ ಗಾಡಿ, ಒಂದೇ ಗಿರಾಕಿ, ಪಕ್ಕಪಕ್ಕದ ಎರಡು ಬಿಲ್ ನಂಬರ್, ಚೆಕ್ ಮಾಡೋರಿಗೆ ಅರ್ಥ ಆಗೋಕೆ ನಿಮಿಷ ಬೇಡ.

ಪೋರ್ಟಲ್‌ನಲ್ಲಿ ಹಾಕೋದು

`ewaybillgst.gov.in` ಗೆ ಲಾಗಿನ್ ಆಗಿ, ಯೂಸರ್ ನೇಮ್ ಪಾಸ್‌ವರ್ಡ್ ಆದ್ಮೇಲೆ ಒಟಿಪಿ ಕೇಳುತ್ತೆ. ಮಾಲೀಕರ ಮೊಬೈಲ್‌ಗೇ ಒಟಿಪಿ ಹೋಗೋ ಹಾಗಿದ್ರೆ ಅವ್ರು ಮದುವೆ ಮನೇಲಿ ಫೋನ್ ಸೈಲೆಂಟ್ ಇಟ್ಟಾಗ ಲೋಡಾದ ಗಾಡಿ ಗೇಟಲ್ಲೇ ನಿಲ್ಲುತ್ತೆ, ಆದ್ರಿಂದ ಬಿಲ್ಲಿಂಗ್ ಮಾಡೋರಿಗೆ ಸಬ್ ಯೂಸರ್ ಮಾಡಿ ಅವ್ರ ನಂಬರನ್ನೇ ಕೊಡಿ. ಎಡಗಡೆ `e-Waybill` ಮೆನುಲಿ `Generate New` ಒತ್ತಿ.

`Outward` ಆರಿಸಿ. ಕೆಳಗೆ `Sub Type` ಅಂತ ಬರುತ್ತೆ, ಇದೇ ಮುಖ್ಯ. ಗಿರಾಕಿಗೆ ಮತ್ತು ಕೊಲ್ಹಾಪುರಕ್ಕೆ ಎರಡಕ್ಕೂ `Supply`, ಡಾಕ್ಯುಮೆಂಟ್ `Tax Invoice`. ಬಳ್ಳಾರಿ ಬ್ರಾಂಚ್‌ಗೆ `For Own Use`, ಡಾಕ್ಯುಮೆಂಟ್ `Delivery Challan`. ಬ್ರಾಂಚ್‌ಗೆ ಹೋಗೋದನ್ನ `Supply` ಅಂತ ಹಾಕಿಬಿಟ್ರೆ ಆಮೇಲೆ ಇ-ವೇ ಬಿಲ್ ಲೆಕ್ಕದಲ್ಲಿ ಮಾರಾಟ ಜಾಸ್ತಿ ರಿಟರ್ನ್‌ನಲ್ಲಿ ಕಮ್ಮಿ ಅಂತ ಕಾಣುತ್ತೆ, ನೋಟಿಸ್ ಬಂದಾಗ ಒಂದೊಂದೇ ಚಲನ್ ಹುಡುಕಿ ಉತ್ತರ ಬರೀತಾ ಕೂರ್ಬೇಕಾಗುತ್ತೆ.

ಡಾಕ್ಯುಮೆಂಟ್ ನಂಬರ್, ತಾರೀಖು ಪೇಪರ್‌ನಲ್ಲಿ ಇರೋ ಹಾಗೇ ಹಾಕಿ. 180 ದಿನಕ್ಕಿಂತ ಹಳೇ ತಾರೀಖಿನ ಡಾಕ್ಯುಮೆಂಟ್‌ಗೆ ಈಗ ಇ-ವೇ ಬಿಲ್ ಬರಲ್ಲ. `From` ನಲ್ಲಿ ವಿಳಾಸ ತಾನೇ ತುಂಬ್ಕೊಂಡು ಬರುತ್ತೆ, ಅದು ನಿಮ್ಮ ಮುಖ್ಯ ಅಂಗಡಿ ವಿಳಾಸ. ಮಾಲು ನಿಜವಾಗ್ಲೂ ಬಳ್ಳಾರಿ ಗೋಡೌನಿಂದ ಲೋಡ್ ಆಗಿ ಬಿಲ್ ಮಾತ್ರ ಹುಬ್ಬಳ್ಳಿಲಿ ಆಗಿದ್ರೆ, `Dispatch From` ನಲ್ಲಿ ಬಳ್ಳಾರಿ ವಿಳಾಸ, ಪಿನ್ ಕೋಡ್ ಬದಲಾಯಿಸ್ಲೇಬೇಕು. ಇಲ್ಲಾಂದ್ರೆ ಹುಬ್ಬಳ್ಳಿಯಿಂದ ಹೊರಟಿದೆ ಅಂತ ಹೇಳೋ ಇ-ವೇ ಬಿಲ್ ಇಟ್ಕೊಂಡು ಗಾಡಿ ಬಳ್ಳಾರಿಯಿಂದ ಹುಬ್ಬಳ್ಳಿ ಕಡೆಗೇ ಬರ್ತಿರುತ್ತೆ. `To` ಕಡೆ ಜಿಎಸ್‌ಟಿ ಇಲ್ಲದ ರೈತರಿಗೆ ಹೋದ್ರೆ ನಂಬರ್ ಜಾಗದಲ್ಲಿ `URP` ಅಂತ ಹಾಕಿ. ಬಿಲ್ಲು ಧಾರವಾಡದ ಅಂಗಡಿಗೆ, ಪೈಪ್ ಇಳಿಸೋದು ನವಲಗುಂದದ ಹೊಲದಲ್ಲಿ ಅನ್ನೋ ಹಾಗಿದ್ರೆ `Bill To - Ship To` ಆರಿಸಿ, ಒಂದೇ ಇ-ವೇ ಬಿಲ್ ಸಾಕು.

ಪಿನ್ ಕೋಡ್ ನೋಡಿ ದೂರವನ್ನ ಪೋರ್ಟಲ್ಲೇ ಲೆಕ್ಕ ಹಾಕುತ್ತೆ, ಬೇಕಾದ್ರೆ ಶೇಕಡಾ 10ರವರೆಗೆ ಜಾಸ್ತಿ ಮಾಡ್ಕೋಬಹುದು. ಪಿನ್ ಕೋಡ್ ತಪ್ಪಾದ್ರೆ ದೂರ ತಪ್ಪು, ದೂರ ತಪ್ಪಾದ್ರೆ ಅವಧಿ ತಪ್ಪು, ಆದ್ರಿಂದ ಒಂದ್ಸಲ ಕಣ್ಣಾಡಿಸಿ. ವರ್ಷಕ್ಕೆ 5 ಕೋಟಿ ವಹಿವಾಟು ದಾಟಿರೋರು ಜಿಎಸ್‌ಟಿ ಇರೋ ಗಿರಾಕಿಗಳಿಗೆ ಮತ್ತು ಕೊಲ್ಹಾಪುರದಂಥ ಬ್ರಾಂಚ್‌ಗೆ ಇ-ಇನ್‌ವಾಯ್ಸ್ ಮಾಡಿ ಐಆರ್‌ಎನ್ ತೆಗೀಬೇಕು, ಅಲ್ಲೇ ಇ-ವೇ ಬಿಲ್ ಕೂಡ ತೆಗೀಬಹುದು. ಡೆಲಿವರಿ ಚಲನ್‌ಗೆ ಐಆರ್‌ಎನ್ ಇಲ್ಲ, ಅದನ್ನ ಹುಡುಕ್ತಾ ಕೂರ್ಬೇಡಿ.

ಪಾರ್ಟ್ ಬಿ ಅಂದ್ರೆ ಗಾಡಿ ನಂಬರ್

ಮೇಲೆ ಹೇಳಿದ್ದೆಲ್ಲಾ ಪಾರ್ಟ್ ಎ. ಗಾಡಿ ನಂಬರ್ ಹಾಕದೆ ಪ್ರಿಂಟ್ ತೆಗೆದ್ರೆ `Part-A Slip` ಅಂತ ಬರುತ್ತೆ, ನೋಡೋಕೆ ಇ-ವೇ ಬಿಲ್ ಥರಾನೇ ಇರುತ್ತೆ, ಆದ್ರೆ ಅದ್ರಲ್ಲಿ ಅವಧಿ ಇರಲ್ಲ. ಅದನ್ನ ಹಿಡ್ಕೊಂಡು ಬಳ್ಳಾರಿಗೆ ಹೊರಡೋ ಹಾಗಿಲ್ಲ. ಅವಧಿ ಶುರುವಾಗೋದು ಪಾರ್ಟ್ ಬಿಲಿ ಗಾಡಿ ನಂಬರ್ ಮೊದಲ ಸಲ ಬಿದ್ದ ಗಳಿಗೆಯಿಂದ. ಒಂದೇ ಒಂದು ಸಡಿಲಿಕೆ ಇದೆ: ನಿಮ್ಮ ಗೋಡೌನಿಂದ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಸೇರಿಸೋವರೆಗೆ, ಅದೂ ರಾಜ್ಯದೊಳಗೆ 50 ಕಿಲೋಮೀಟರ್‌ ತನಕ, ಪಾರ್ಟ್ ಬಿ ಬೇಕಿಲ್ಲ. ಟ್ರಾನ್ಸ್‌ಪೋರ್ಟರ್ ಐಡಿ ಹಾಕಿ ಕೊಟ್ರೆ ಅವ್ರು ಲಾರಿ ನಂಬರ್ ತುಂಬ್ಕೋತಾರೆ. ನೇರ ಗಿರಾಕಿ ಮನೆಗೆ 10 ಕಿಲೋಮೀಟರ್ ಹೋದ್ರೂ ಈ ಸಡಿಲಿಕೆ ಅನ್ವಯ ಆಗಲ್ಲ, ಇದನ್ನ ತುಂಬಾ ಜನ ತಪ್ಪು ತಿಳ್ಕೊಂಡಿದಾರೆ.

ಗಾಡಿ ನಂಬರನ್ನ ಡ್ರೈವರ್ ಬಾಯಿಂದ ಕೇಳಿ ಹಾಕ್ಬೇಡಿ. ನಮ್ಮಲ್ಲಿ ಒಂದ್ಸಲ ಫೋನ್‌ನಲ್ಲಿ ಕೇಳಿ ಕೊನೇ ಎರಡು ಅಂಕಿ 17 ಅನ್ನೋದು 71 ಅಂತ ಬಿತ್ತು, ಗದಗ ದಾಟಿದ ಮೇಲೆ ಗಾಡಿ ನಿಲ್ಲಿಸಿದ್ರು. ಡ್ರೈವರ್ ಫೋನ್ ಮಾಡಿ "ಸರ, ನಂಬರ ಬ್ಯಾರೆ ಐತಂತ್ರಿ" ಅಂದಾಗ ನನ್ನ ಎದೆ ಧಸಕ್ ಅಂತು. ಅವತ್ತು ಉಳಿಸಿದ್ದು 14 ಸೆಪ್ಟೆಂಬರ್ 2018ರ ಸರ್ಕ್ಯುಲರ್, ನಂಬರ್ 64. ಗಾಡಿ ನಂಬರ್‌ನಲ್ಲಿ ಒಂದೆರಡು ಅಂಕಿ, ಡಾಕ್ಯುಮೆಂಟ್ ನಂಬರ್‌ನಲ್ಲಿ ಒಂದೆರಡು ಅಂಕಿ, ಜಿಎಸ್‌ಟಿ ನಂಬರ್ ಸರಿಯಿದ್ದು ಹೆಸರಿನ ಸ್ಪೆಲ್ಲಿಂಗ್ ತಪ್ಪು, ಇಂಥವಕ್ಕೆ ಮಾಲು ಮುಟ್ಟುಗೋಲು ಹಾಕದೆ ಸಿಜಿಎಸ್‌ಟಿ 500 ಎಸ್‌ಜಿಎಸ್‌ಟಿ 500, ಒಟ್ಟು 1,000 ದಂಡ ಹಾಕಿ ಬಿಡ್ಬೇಕು ಅಂತ ಅದ್ರಲ್ಲಿದೆ. ಬೇರೆ ಎಲ್ಲಾ ಸರಿ ಇದ್ದಿದ್ರಿಂದ ನಮಗೆ ಅಷ್ಟರಲ್ಲೇ ಮುಗೀತು. ಅವತ್ತಿಂದ ಗೇಟಲ್ಲಿ ನಂಬರ್ ಪ್ಲೇಟ್ ಫೋಟೋ ವಾಟ್ಸಾಪ್‌ಗೆ ಬರದೆ ಪಾರ್ಟ್ ಬಿ ತುಂಬಲ್ಲ.

ಎಷ್ಟು ದಿನ ನಡೆಯುತ್ತೆ

ಪ್ರತಿ 200 ಕಿಲೋಮೀಟರ್‌ಗೆ ಒಂದು ದಿನ, ಮಿಕ್ಕಿದ್ದು ಒಂದೇ ಕಿಲೋಮೀಟರ್ ಆದ್ರೂ ಇನ್ನೊಂದು ದಿನ. ಹುಬ್ಬಳ್ಳಿ ಬಳ್ಳಾರಿ ಸುಮಾರು 210, ಹಾಗಾಗಿ ಎರಡು ದಿನ. 14ನೇ ತಾರೀಖು ಸಂಜೆ 6ಕ್ಕೆ ಗಾಡಿ ನಂಬರ್ ಹಾಕಿದ್ರೆ ಮೊದಲ ದಿನ ಮುಗಿಯೋದು 15ರ ಮಧ್ಯರಾತ್ರಿ, ಎರಡನೇದು 16ರ ಮಧ್ಯರಾತ್ರಿ. ಗಾಡಿ ಅಷ್ಟರಲ್ಲಿ ಮುಟ್ಟಲಿಲ್ಲ ಅಂದ್ರೆ ಅವಧಿ ಮುಗಿಯೋ 8 ಗಂಟೆ ಮುಂಚೆಯಿಂದ 8 ಗಂಟೆ ನಂತರದವರೆಗೆ `Extend Validity` ಮಾಡ್ಬಹುದು, ಈ ಉದಾಹರಣೇಲಿ 16ರ ಸಂಜೆ 4ರಿಂದ 17ರ ಬೆಳಿಗ್ಗೆ 8ರ ತನಕ. ಅದರಾಚೆಗೆ ಪೋರ್ಟಲ್ ಬಿಡಲ್ಲ. ಟ್ರಾನ್ಸ್‌ಪೋರ್ಟರ್ ಐಡಿ ಹಾಕಿದ್ರೆ ಇದನ್ನ ಅವ್ರೇ ಮಾಡ್ಬೇಕು, ನಿಮ್ಮ ಲಾಗಿನ್‌ನಲ್ಲಿ ಬರಲ್ಲ, ಆದ್ರಿಂದ ಸಂಜೆ ಒಂದು ಫೋನ್ ಹಾಕಿ ನೆನಪಿಸಿ.

ದಾರೀಲಿ ಗಾಡಿ ಕೆಟ್ಟು ಬೇರೆ ಟೆಂಪೋಗೆ ಮಾಲು ತುಂಬಿದ್ರೆ ಹೊಸ ಇ-ವೇ ಬಿಲ್ ಬೇಡ, ಅದೇ ಬಿಲ್‌ನಲ್ಲಿ ಪಾರ್ಟ್ ಬಿ ಅಪ್‌ಡೇಟ್ ಮಾಡಿ, ಕಾರಣ `Due to Break Down`, ಈಗ ಗಾಡಿ ಇರೋ ಊರು, ಹೊಸ ನಂಬರ್. ಹೊಸ ಗಾಡಿ ಚಕ್ರ ಉರುಳೋ ಮುಂಚೆ ಇದು ಆಗ್ಬೇಕು, ಅದಕ್ಕೇ ಡ್ರೈವರ್‌ಗಳಿಗೆ ನಾನು ಹೇಳಿರೋದು, ಹಗ್ಗ ಬಿಚ್ಚೋ ಮುಂಚೆ ನನಗೆ ಫೋನ್ ಮಾಡು ಅಂತ.

ಪಾರ್ಟ್ ಎ ಒಳಗಿನದ್ದು ಏನಾದ್ರೂ ತಪ್ಪಾದ್ರೆ ತಿದ್ದೋಕೆ ಬರಲ್ಲ. 24 ಗಂಟೆಯೊಳಗೆ ಕ್ಯಾನ್ಸಲ್ ಮಾಡಿ ಹೊಸದು ತೆಗೀಬೇಕು, ದಾರೀಲಿ ಒಮ್ಮೆ ಯಾರಾದ್ರೂ ಪರಿಶೀಲಿಸಿ ಪೋರ್ಟಲ್‌ನಲ್ಲಿ ದಾಖಲಿಸಿದ್ರೆ ಕ್ಯಾನ್ಸಲ್ಲೂ ಆಗಲ್ಲ. ಹಂಗಾಗಿ ಪ್ರಿಂಟ್ ಕೈಗೆ ಬಂದ ತಕ್ಷಣ, ಗಾಡಿ ಇನ್ನೂ ಗೇಟೊಳಗೆ ಇರುವಾಗ್ಲೇ ಚಲನ್ ಪಕ್ಕ ಇಟ್ಟು ನಂಬರ್, ತಾರೀಖು, ಮೊತ್ತ, ಗಾಡಿ ನಂಬರ್ ನಾಲ್ಕನ್ನೂ ಹೊಂದಿಸಿ ನೋಡ್ತೀವಿ. 12 ಅಂಕಿಯ ಇ-ವೇ ಬಿಲ್ ನಂಬರನ್ನ ಟ್ರಿಪ್ಲಿಕೇಟ್ ಚಲನ್ ಮೇಲೆ ಪೆನ್ನಲ್ಲಿ ಬರೆದು ಫೈಲ್ ಮಾಡ್ತೀವಿ.

ಗಿರಾಕಿ ಮಾಲು ಬೇಡ ಅಂತ ವಾಪಸ್ ಕಳಿಸಿದ್ರೆ, ಅಥವಾ ಬಳ್ಳಾರಿಯಿಂದ ಮಿಕ್ಕಿದ್ದು ಹುಬ್ಬಳ್ಳಿಗೆ ಬಂದ್ರೆ, ಹೋಗುವಾಗಿನ ಇ-ವೇ ಬಿಲ್ ಇನ್ನೂ ಚಾಲ್ತಿಲಿದ್ರೂ ಅದು ವಾಪಸ್ ಬರೋಕೆ ಅಲ್ಲ. ಬರೋ ಮಾಲಿಗೆ ಅಲ್ಲಿಂದ ಹೊಸ ಡಾಕ್ಯುಮೆಂಟ್, 50,000 ದಾಟಿದ್ರೆ ಹೊಸ ಇ-ವೇ ಬಿಲ್.

ತಿಂಗಳ ಕೊನೆಗೆ ಜಿಎಸ್‌ಟಿಆರ್-1 ಹಾಕುವಾಗ ಟೇಬಲ್ 13ರಲ್ಲಿ ಚಲನ್‌ಗಳ ಲೆಕ್ಕ ಕೇಳ್ತಾರೆ, ಯಾವ ನಂಬರಿಂದ ಯಾವ ನಂಬರ್ ತನಕ, ಒಟ್ಟು ಎಷ್ಟು, ಕ್ಯಾನ್ಸಲ್ ಎಷ್ಟು ಅಂತ. ಅದಕ್ಕೇ ತಪ್ಪಾದ ಚಲನ್ ಹರಿದು ಬಿಸಾಡ್ಬೇಡಿ, ಮೂರೂ ಕಾಪಿ ಮೇಲೆ ಅಡ್ಡಗೆರೆ ಎಳೆದು ರದ್ದು ಅಂತ ಬರೆದು ಅದೇ ಫೈಲ್‌ನಲ್ಲಿ ಅದರ ನಂಬರ್ ಜಾಗದಲ್ಲೇ ಇಡಿ.